ಕ್ಯಾಲ್ಸಿಯಂ, ಯೂರಿಕ್ ಆಸಿಡ್: ಮಿಲಿಗ್ರಾಂ ಲೆಕ್ಕವನ್ನು ಮಿಲಿಮೋಲ್‌ಗೆ ತಪ್ಪಿಲ್ಲದೆ ಬದಲಿಸುವುದು ಹೇಗೆ

ಹಳೇ ರಕ್ತ ಪರೀಕ್ಷೆ ವರದಿಯಲ್ಲಿ ಕ್ಯಾಲ್ಸಿಯಂ 2.41 ಇದೆ, ಹೊಸದರಲ್ಲಿ 9.8 ಇದೆ. ಯೂರಿಕ್ ಆಸಿಡ್ ಹಳೇದರಲ್ಲಿ 398, ಹೊಸದರಲ್ಲಿ 7.2. ಒಂದು ನಾಲ್ಕು ಪಟ್ಟು ಏರಿದ ಹಾಗೆ, ಇನ್ನೊಂದು ಪಾತಾಳಕ್ಕೆ ಇಳಿದ ಹಾಗೆ ಕಾಣುತ್ತದೆ. ಎರಡೂ ನಿಜವಲ್ಲ. ಎರಡು ಲ್ಯಾಬ್‌ಗಳು ಬೇರೆ ಬೇರೆ ಯೂನಿಟ್‌ನಲ್ಲಿ ಬರೆದಿವೆ, ಅಷ್ಟೇ.

ಲೆಕ್ಕ ದೊಡ್ಡದೇನಲ್ಲ. ಒಂದು ಗುಣಾಕಾರ, ಒಂದು ಭಾಗಾಕಾರ. ಆದರೂ ಕೇಳುವವರೆಲ್ಲ ಎಡವುವುದು ಅದೇ ಜಾಗಗಳಲ್ಲಿ. 10ರಿಂದ ಗುಣಿಸುವುದನ್ನು ಮರೆಯುತ್ತಾರೆ, ಕ್ಯಾಲ್ಸಿಯಂಗೆ ಇರುವ ಸಂಖ್ಯೆಯನ್ನು ಯೂರಿಕ್ ಆಸಿಡ್‌ಗೆ ಹಾಕುತ್ತಾರೆ, ಉತ್ತರ ಬಂದ ಮೇಲೆ ಅದನ್ನು ತಪ್ಪು ಮಿತಿಯ ಪಕ್ಕದಲ್ಲಿ ಇಟ್ಟು ಗಾಬರಿಯಾಗುತ್ತಾರೆ. ಹಾಗಾಗಿ ಮೇಲಿನ ನಾಲ್ಕು ಸಂಖ್ಯೆಗಳನ್ನೇ ಹಿಡಿದುಕೊಂಡು ಮೊದಲಿಂದ ಕೊನೆವರೆಗೆ ಮಾಡಿ ನೋಡೋಣ.

## ಶುರು ಮಾಡುವ ಮುಂಚೆ

ವರದಿಯ ಮೂಲ ಪ್ರತಿ ಎದುರಿಗಿರಲಿ. ಯಾರೋ ಮೆಸೇಜ್‌ನಲ್ಲಿ ಕಳಿಸಿದ ಬರೀ ಸಂಖ್ಯೆ ಸಾಲದು, ಏಕೆಂದರೆ ಹಾಗೆ ಕಳಿಸುವಾಗ ಎಲ್ಲರೂ ಬಿಡುವುದು ಯೂನಿಟ್ ಅನ್ನೇ. ಫೋನಿನಲ್ಲಿರುವ ಸಾದಾ ಕ್ಯಾಲ್ಕುಲೇಟರ್ ಸಾಕು.

ಜೊತೆಗೆ ಎರಡು ಸಂಖ್ಯೆ ಬರೆದಿಟ್ಟುಕೊಳ್ಳಿ. ಕ್ಯಾಲ್ಸಿಯಂನ ಮೋಲಾರ್ ತೂಕ 40.08. ಯೂರಿಕ್ ಆಸಿಡ್‌ನದು 168.11. ಅಂದರೆ ಒಂದು ಮೋಲ್ ಕ್ಯಾಲ್ಸಿಯಂ 40.08 ಗ್ರಾಂ ತೂಗುತ್ತದೆ, ಒಂದು ಮಿಲಿಮೋಲ್ 40.08 ಮಿಲಿಗ್ರಾಂ ತೂಗುತ್ತದೆ. ಯೂರಿಕ್ ಆಸಿಡ್‌ಗೂ ಅದೇ ರೀತಿ.

168.11 ಎಲ್ಲಿಂದ ಬಂತು ಎಂದು ನೀವೇ ಕೂಡಿ ನೋಡಬಹುದು. ಯೂರಿಕ್ ಆಸಿಡ್‌ನ ಒಂದು ಅಣುವಿನಲ್ಲಿ 5 ಕಾರ್ಬನ್, 4 ಹೈಡ್ರೋಜನ್, 4 ನೈಟ್ರೋಜನ್, 3 ಆಕ್ಸಿಜನ್ ಇವೆ.

```
C5H4N4O3
5 × 12.011 + 4 × 1.008 + 4 × 14.007 + 3 × 15.999 = 168.112
```

## 1. ಮೊದಲು ಯೂನಿಟ್ ಓದಿ, ಸಂಖ್ಯೆ ಆಮೇಲೆ

ಫಲಿತಾಂಶದ ಪಕ್ಕದ ಕಾಲಂ ನೋಡಿ. ಅಲ್ಲಿ `mg/dL` ಇದ್ದರೆ ಒಂದು ಡೆಸಿಲೀಟರ್‌ನಲ್ಲಿ, ಅಂದರೆ 100 ಮಿಲಿಲೀಟರ್‌ನಲ್ಲಿ, ಎಷ್ಟು ಮಿಲಿಗ್ರಾಂ ಎಂದು ಅರ್ಥ. ಕೆಲವು ವರದಿಗಳಲ್ಲಿ `mg%` ಎಂದು ಇರುತ್ತದೆ. ಅದೂ ಇದೇ, ಬರೆಯುವ ರೀತಿ ಹಳೇದು. `mmol/L` ಇದ್ದರೆ ಒಂದು ಲೀಟರ್‌ನಲ್ಲಿ ಎಷ್ಟು ಮಿಲಿಮೋಲ್ ಎಂದು.

ಯೂರಿಕ್ ಆಸಿಡ್ ಆದರೆ `µmol/L` ಕಾಣುವುದೇ ಜಾಸ್ತಿ. ಇದು ಮೈಕ್ರೋಮೋಲ್. 1000 ಮೈಕ್ರೋಮೋಲ್ ಸೇರಿದರೆ 1 ಮಿಲಿಮೋಲ್. ಆ ಮೊದಲ ಅಕ್ಷರವನ್ನು ಕೆಲವು ಪ್ರಿಂಟರ್‌ಗಳು `umol/L` ಎಂದು ಅಚ್ಚು ಹಾಕುತ್ತವೆ. ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ ಅದು ಪೂರ್ತಿ ಅಳಿಸಿಹೋಗಿರುವುದೂ ಉಂಟು. ನಮ್ಮ 398 ಇಂಥದ್ದೇ. ಅದು 398 ಮೈಕ್ರೋಮೋಲ್, ಅಂದರೆ 0.398 ಮಿಲಿಮೋಲ್. 398 ಮಿಲಿಮೋಲ್ ಯೂರಿಕ್ ಆಸಿಡ್ ಯಾವ ಮನುಷ್ಯನ ರಕ್ತದಲ್ಲೂ ಇರಲು ಸಾಧ್ಯವಿಲ್ಲ.

ದಶಾಂಶದ ಗುರುತನ್ನೂ ನೋಡಿಕೊಳ್ಳಿ. ಕೆಲವು ದೇಶಗಳ ವರದಿಯಲ್ಲಿ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ, `2,41` ಅಂತ. ಅದು ಇನ್ನೂರ ನಲವತ್ತೊಂದಲ್ಲ, 2.41.

## 2. 10ರಿಂದ ಗುಣಿಸಿ

ಒಂದು ಲೀಟರ್‌ನಲ್ಲಿ 10 ಡೆಸಿಲೀಟರ್. ಒಂದು ಡೆಸಿಲೀಟರ್‌ನಲ್ಲಿ 9.8 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಒಂದು ಲೀಟರ್‌ನಲ್ಲಿ 98 ಮಿಲಿಗ್ರಾಂ ಇರುತ್ತದೆ. ಯೂರಿಕ್ ಆಸಿಡ್ 7.2 ಇದ್ದದ್ದು ಲೀಟರ್‌ಗೆ 72 ಮಿಲಿಗ್ರಾಂ.

ಇಷ್ಟೇ ಈ ಹಂತ. ಆದರೆ ಅತಿ ಹೆಚ್ಚು ತಪ್ಪಾಗುವುದೂ ಇಲ್ಲೇ. ಮೋಲಾರ್ ತೂಕದ ಕಡೆ ಗಮನ ಹೋಗಿ ಡೆಸಿಲೀಟರ್ ಮರೆತುಹೋಗುತ್ತದೆ. ಅದಕ್ಕೇ ಇದನ್ನು ಮೊದಲು ಮಾಡಿ, ಉತ್ತರವನ್ನು ಕಾಗದದ ಮೇಲೆ ಬರೆದು, ಆಮೇಲೆ ಮುಂದೆ ಹೋಗಿ.

## 3. ಮೋಲಾರ್ ತೂಕದಿಂದ ಭಾಗಿಸಿ

```
Calcium:   98 / 40.08  = 2.4451 mmol/L
Uric acid: 72 / 168.11 = 0.4283 mmol/L = 428 µmol/L
```

ಮಿಲಿಗ್ರಾಂ ತೂಕ ಹೇಳುತ್ತದೆ, ಮಿಲಿಮೋಲ್ ಎಣಿಕೆ ಹೇಳುತ್ತದೆ. ಒಂದೇ ತೂಕದ ಎರಡು ಚೀಲಗಳಲ್ಲಿ ಒಂದರಲ್ಲಿ ದಪ್ಪ ಗೋಲಿ, ಇನ್ನೊಂದರಲ್ಲಿ ಸಣ್ಣ ಗೋಲಿ ಇದ್ದರೆ ಎಣಿಕೆ ಒಂದೇ ಬರುವುದಿಲ್ಲ ಅಲ್ವಾ? ಹಾಗೇ ಯೂರಿಕ್ ಆಸಿಡ್‌ನ ಒಂದು ಅಣು ಕ್ಯಾಲ್ಸಿಯಂ ಪರಮಾಣುವಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ಭಾರ. ಎರಡಕ್ಕೂ ಒಂದೇ ಸಂಖ್ಯೆಯಿಂದ ಭಾಗಿಸಲು ಆಗದಿರುವುದು ಇದಕ್ಕೇ.

ಎರಡೂ ಹಂತ ಸೇರಿಸಿ ಒಂದೇ ಗುಣಕ ಬೇಕು ಎನ್ನುವವರಿಗೆ: ಕ್ಯಾಲ್ಸಿಯಂಗೆ 0.2495, ಯೂರಿಕ್ ಆಸಿಡ್‌ಗೆ 0.05948. ಯೂರಿಕ್ ಆಸಿಡ್ ಅನ್ನು ನೇರ ಮೈಕ್ರೋಮೋಲ್‌ಗೆ ತರಬೇಕಾದರೆ 59.48. ಗುಣಕ ಬಾಯಿಪಾಠ ಮಾಡುವುದು ನನಗೆ ಅಷ್ಟು ಇಷ್ಟವಿಲ್ಲ. ಗುಣಕ ಮರೆತರೆ ಏನೂ ಉಳಿಯುವುದಿಲ್ಲ, ಆದರೆ "10ರಿಂದ ಗುಣಿಸು, ಮೋಲಾರ್ ತೂಕದಿಂದ ಭಾಗಿಸು" ಎನ್ನುವುದು ನೆನಪಿದ್ದರೆ ಬೇರೆ ಯಾವ ಪರೀಕ್ಷೆಗೂ ಗುಣಕವನ್ನು ನೀವೇ ತೆಗೆಯಬಹುದು.

ಹಿಂದಕ್ಕೆ ಹೋಗಬೇಕಾದರೆ ಎಲ್ಲ ತಿರುಗಿಸಿ. ಮಿಲಿಮೋಲ್ ಅನ್ನು ಮೋಲಾರ್ ತೂಕದಿಂದ ಗುಣಿಸಿ, 10ರಿಂದ ಭಾಗಿಸಿ.

```
Calcium:   2.41  × 40.08  / 10 = 9.66 mg/dL
Uric acid: 0.398 × 168.11 / 10 = 6.69 mg/dL
```

ಈಗ ಹೋಲಿಸಲು ಸಾಧ್ಯ. ಕ್ಯಾಲ್ಸಿಯಂ 9.66 ಇದ್ದದ್ದು 9.8 ಆಗಿದೆ. ಯೂರಿಕ್ ಆಸಿಡ್ 6.7 ಇದ್ದದ್ದು 7.2 ಆಗಿದೆ.

## 4. ಕೊನೆಯಲ್ಲಿ ಮಾತ್ರ ದಶಾಂಶ ಕತ್ತರಿಸಿ

ಕ್ಯಾಲ್ಸಿಯಂನ ಸಾಮಾನ್ಯ ಮಿತಿ ಬಹಳ ಇಕ್ಕಟ್ಟು, ಮಿಲಿಮೋಲ್‌ನಲ್ಲಿ ಸುಮಾರು 2.1ರಿಂದ 2.6ರವರೆಗೆ ಮಾತ್ರ. ಅಷ್ಟು ಚಿಕ್ಕ ಜಾಗದಲ್ಲಿ ಒಂದೇ ದಶಾಂಶ ಉಳಿಸಿಕೊಂಡರೆ ವಿಷಯವೇ ಕಳೆದುಹೋಗುತ್ತದೆ. "2.6" ಎಂದು ಬರೆದರೆ ಅದು 10.3 ಮಿಲಿಗ್ರಾಂ ಇರಬಹುದು, 10.6 ಇರಬಹುದು. ಮೊದಲನೆಯದು ಮಿತಿಯೊಳಗೆ, ಎರಡನೆಯದು ಹೊರಗೆ. ಹಾಗಾಗಿ ಕ್ಯಾಲ್ಸಿಯಂಗೆ ಎರಡು ದಶಾಂಶ ಇರಲೇಬೇಕು. ನಮ್ಮ 2.4451 ಅನ್ನು 2.45 ಎಂದು ಬರೆಯಿರಿ.

0.2495 ಬದಲು 0.25 ಹಾಕಿದರೆ ಏನಾಗುತ್ತದೆ ಎಂದು ಹಲವರು ಕೇಳುತ್ತಾರೆ. ಮನಸ್ಸಿನಲ್ಲೇ ಅಂದಾಜು ಮಾಡಲು ತೊಂದರೆಯಿಲ್ಲ, ನಾಲ್ಕರಿಂದ ಭಾಗಿಸಿದರಾಯಿತು. ಆದರೆ ಮಿತಿಯ ಅಂಚಿನಲ್ಲಿ ಇದ್ದಾಗ ಬೇಡ. 10.4 ಮಿಲಿಗ್ರಾಂ ಅನ್ನು 0.25ರಿಂದ ಗುಣಿಸಿದರೆ 2.60, ಸರಿಯಾದ ಲೆಕ್ಕದಲ್ಲಿ 2.59. ಲ್ಯಾಬ್‌ನ ಮೇಲಿನ ಮಿತಿ 2.59 ಆಗಿದ್ದರೆ ಸುಮ್ನೆ ಒಂದು ತಲೆನೋವು.

ಯೂರಿಕ್ ಆಸಿಡ್‌ನಲ್ಲಿ ಇದು ಇನ್ನೂ ಕೆಟ್ಟದಾಗಿ ಹೊಡೆಯುತ್ತದೆ. ಮಿಲಿಮೋಲ್‌ನಲ್ಲಿ "0.4" ಎಂದು ಬರೆದರೆ ಅದು 5.9ರಿಂದ 7.5 ಮಿಲಿಗ್ರಾಂವರೆಗೆ ಏನು ಬೇಕಾದರೂ ಆಗಿರಬಹುದು. ಮಿಲಿಮೋಲ್‌ನಲ್ಲಾದರೆ ಮೂರು ದಶಾಂಶ ಇಡಿ, ಇಲ್ಲವೇ ಮೈಕ್ರೋಮೋಲ್‌ಗೆ ತಂದು ಪೂರ್ಣ ಸಂಖ್ಯೆ ಬರೆಯಿರಿ. 0.428 ಅಥವಾ 428. ನನ್ನ ಕೈಲಿ ಬಿಟ್ಟರೆ 428 ಎಂದೇ ಬರೆಯುತ್ತೇನೆ, ಸೊನ್ನೆ ಮತ್ತು ಚುಕ್ಕಿ ಕಳೆದುಹೋಗುವ ಭಯ ಇರುವುದಿಲ್ಲ.

ಇನ್ನೊಂದು ಕಡೆಯಿಂದಲೂ ಎಚ್ಚರ ಬೇಕು. ಲ್ಯಾಬ್ ಕೊಟ್ಟ 9.8 ನಿಜವಾಗಿ 9.75ರಿಂದ 9.85ರೊಳಗಿನ ಯಾವುದೋ ಸಂಖ್ಯೆ. ಅದು ಮಿಲಿಮೋಲ್‌ನಲ್ಲಿ 2.43ರಿಂದ 2.46. ಹಾಗಾಗಿ ಕ್ಯಾಲ್ಕುಲೇಟರ್ ತೋರಿಸಿದ 2.4451ರ ಕೊನೆಯ ಅಂಕಿಗಳಿಗೆ ಯಾವ ಅರ್ಥವೂ ಇಲ್ಲ. ರಕ್ತ ತೆಗೆಯುವಾಗ ತೋಳಿಗೆ ಪಟ್ಟಿಯನ್ನು ಹೆಚ್ಚು ಹೊತ್ತು ಬಿಗಿದಿಟ್ಟರೂ ಒಟ್ಟು ಕ್ಯಾಲ್ಸಿಯಂ ಸ್ವಲ್ಪ ಏರಿ ಕಾಣುತ್ತದೆ. 2.41 ಮತ್ತು 2.45ರ ನಡುವಿನ ವ್ಯತ್ಯಾಸವನ್ನು "ಏರಿಕೆ" ಎಂದು ಓದುವ ಮುಂಚೆ ಇದನ್ನೆಲ್ಲ ನೆನಪಿಡಿ.

## 5. ಉತ್ತರದ ಗಾತ್ರ ನೋಡಿ

ಲೆಕ್ಕ ಮುಗಿದ ಮೇಲೆ ಒಂದು ನಿಮಿಷ ನಿಲ್ಲಿ. ಕ್ಯಾಲ್ಸಿಯಂನ ಮಿಲಿಮೋಲ್ ಉತ್ತರ ಮೂಲ ಸಂಖ್ಯೆಯ ಕಾಲು ಭಾಗ ಇರಬೇಕು. ಯೂರಿಕ್ ಆಸಿಡ್‌ನದು ಸುಮಾರು ಹದಿನೇಳನೇ ಒಂದು ಭಾಗ. ಮೈಕ್ರೋಮೋಲ್ ಆದರೆ ಮೂಲದ ಅರವತ್ತು ಪಟ್ಟಿನ ಹತ್ತಿರ. ಹಾಗಿಲ್ಲದಿದ್ದರೆ ಏನೋ ತಪ್ಪಿದೆ, ಮತ್ತು ತಪ್ಪು ಯಾವುದು ಎಂದು ಉತ್ತರವೇ ಹೇಳುತ್ತದೆ.

9.8ಕ್ಕೆ 0.245 ಬಂದಿದ್ದರೆ 10ರ ಗುಣಾಕಾರ ಬಿಟ್ಟುಹೋಗಿದೆ. 7.2ಕ್ಕೆ 0.043 ಬಂದಿದ್ದರೂ ಅದೇ ಕಾರಣ. 9.8ಕ್ಕೆ 39.3 ಬಂದಿದ್ದರೆ ಹಿಂದುಮುಂದಾಗಿದೆ, ಗುಣಿಸುವ ಕಡೆ ಭಾಗಿಸಿ, ಭಾಗಿಸುವ ಕಡೆ ಗುಣಿಸಿದ್ದೀರಿ. 7.2ಕ್ಕೆ 1.80 ಬಂದರೆ ಯೂರಿಕ್ ಆಸಿಡ್‌ಗೆ ಕ್ಯಾಲ್ಸಿಯಂನ 40.08 ಹಾಕಿದ್ದೀರಿ. 9.8ಕ್ಕೆ 0.58 ಬಂದರೆ ಅದರ ಉಲ್ಟಾ.

7.2ಕ್ಕೆ 1.20 ಬಂದಿದೆಯೇ? ಇದು ಆನ್‌ಲೈನ್ ಕನ್ವರ್ಟರ್ ಬಳಸುವವರ ಖಾಯಂ ತಪ್ಪು. ಪಟ್ಟಿಯಲ್ಲಿ `Urea` ಮತ್ತು `Uric acid` ಒಂದರ ಕೆಳಗೊಂದು ಕೂತಿರುತ್ತವೆ, ಬೆರಳು ಮೇಲಿನದನ್ನು ಒತ್ತುತ್ತದೆ. ಯೂರಿಯಾ ಬೇರೆಯೇ ವಸ್ತು, ಅದರ ಮೋಲಾರ್ ತೂಕ 60.06. ಹೆಸರು ಹತ್ತಿರ ಇದ್ದರೂ ಲೆಕ್ಕ ಹತ್ತಿರ ಬರುವುದಿಲ್ಲ.

## 6. ಮಿತಿಯನ್ನೂ ಜೊತೆಗೇ ಬದಲಿಸಿ

ಸಂಖ್ಯೆಯನ್ನು ಬದಲಿಸಿ, ಇಂಟರ್ನೆಟ್‌ನಲ್ಲಿ ಸಿಕ್ಕ ಯಾವುದೋ ಮಿತಿಯ ಪಕ್ಕದಲ್ಲಿ ಇಡಬೇಡಿ. ಅದೇ ವರದಿಯಲ್ಲಿ ಅಚ್ಚಾಗಿರುವ ಮಿತಿಯನ್ನು ಅದೇ ಲೆಕ್ಕದಿಂದ ಬದಲಿಸಿ. ಹೊಸ ವರದಿಯಲ್ಲಿ ಕ್ಯಾಲ್ಸಿಯಂಗೆ 8.6ರಿಂದ 10.2 ಎಂದಿದ್ದರೆ ಅದು 2.15ರಿಂದ 2.54 ಮಿಲಿಮೋಲ್. 2.45 ಆರಾಮಾಗಿ ಒಳಗಿದೆ.

ಯೂರಿಕ್ ಆಸಿಡ್ ಸ್ವಲ್ಪ ಬಿಡಿಸಿ ನೋಡುವಂಥದ್ದು. ಹೊಸ ಲ್ಯಾಬ್‌ನ ಮೇಲಿನ ಮಿತಿ 7.0 ಎಂದಿಟ್ಟುಕೊಳ್ಳಿ, ಅಂದರೆ 416 ಮೈಕ್ರೋಮೋಲ್. ನಮ್ಮ 428 ಅದನ್ನು ದಾಟಿದೆ, ಪಕ್ಕದಲ್ಲಿ `H` ಗುರುತು ಬಿದ್ದಿದೆ. ಹಳೇ ಲ್ಯಾಬ್‌ನ ಮಿತಿ 430 ಆಗಿದ್ದರೆ ಅದೇ 428 ಅಲ್ಲಿ ಯಾವ ಗುರುತೂ ಇಲ್ಲದೆ ಹೋಗುತ್ತಿತ್ತು. ಹಾಗಾಗಿ "ಹೋದ ಸಲ ನಾರ್ಮಲ್ ಇತ್ತು, ಈ ಸಲ ಹೈ ಬಂದಿದೆ" ಎನ್ನುವುದರಲ್ಲಿ ಎರಡು ವಿಷಯ ಬೆರೆತಿವೆ: 398ರಿಂದ 428ಕ್ಕೆ ಆದ ನಿಜವಾದ ಬದಲಾವಣೆ ಒಂದು, ಮಿತಿಯೇ ಬೇರೆ ಆಗಿದ್ದು ಇನ್ನೊಂದು. ಡಾಕ್ಟರ್‌ಗೆ ತೋರಿಸುವಾಗ ಎರಡೂ ವರದಿಯ ಮೂಲ ಸಂಖ್ಯೆ, ಯೂನಿಟ್, ಮಿತಿ ಮೂರನ್ನೂ ತೋರಿಸಿ. ನೀವು ಬದಲಿಸಿದ ಸಂಖ್ಯೆ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಇರಲಿ.

ಗೌಟ್‌ಗೆ ಔಷಧಿ ತೆಗೆದುಕೊಳ್ಳುವವರಿಗೆ ಇನ್ನೊಂದು ಗೊಂದಲ ಇದೆ. ಗುರಿ ಎಂದು ಕೆಲವು ಕಡೆ 6 ಮಿಲಿಗ್ರಾಂ, ಕೆಲವು ಕಡೆ 360 ಮೈಕ್ರೋಮೋಲ್ ಎಂದು ಕೊಡುತ್ತಾರೆ. ಲೆಕ್ಕ ಹಾಕಿದರೆ 6 ಎಂದರೆ 357, 360 ಅಲ್ಲ. ನೆನಪಿಡಲು ಸುಲಭವಾಗಲಿ ಎಂದು ದುಂಡಗೆ ಮಾಡಿದ ಸಂಖ್ಯೆ ಅದು. 358 ಬಂದವರು ಅದನ್ನು ಹಿಂದಕ್ಕೆ ಬದಲಿಸಿ 6.02 ಎಂದು ನೋಡಿ "ಗುರಿ ತಪ್ಪಿತು" ಎಂದು ಕೂರುವುದರಲ್ಲಿ ಅರ್ಥವಿಲ್ಲ.

## ಕ್ಯಾಲ್ಸಿಯಂನವರು ಇಲ್ಲಿ ನಿಧಾನಿಸಿ

ಯೂರಿಕ್ ಆಸಿಡ್ ಇಷ್ಟಕ್ಕೇ ಮುಗಿಯಿತು. ಕ್ಯಾಲ್ಸಿಯಂ ಮುಗಿಯುವುದಿಲ್ಲ, ಏಕೆಂದರೆ ಅದೇ ಹೆಸರಿನಲ್ಲಿ ಬೇರೆ ಬೇರೆ ಅಳತೆಗಳು ವರದಿಯಲ್ಲಿ ಬರುತ್ತವೆ.

ಮಿಲಿಇಕ್ವಿವಲೆಂಟ್. ಯೂನಿಟ್ `mEq/L` ಎಂದಿದ್ದರೆ ಅದು ಮಿಲಿಮೋಲ್ ಅಲ್ಲ. ಕ್ಯಾಲ್ಸಿಯಂ ಅಯಾನ್‌ಗೆ ಎರಡು ವಿದ್ಯುತ್ ಚಾರ್ಜ್ ಇರುವುದರಿಂದ ಈ ಸಂಖ್ಯೆ ಮಿಲಿಮೋಲ್‌ನ ಎರಡರಷ್ಟು. ನಮ್ಮ 2.45 ಇಲ್ಲಿ 4.9 ಎಂದು ಕಾಣುತ್ತದೆ. ಮಿಲಿಮೋಲ್ ಬೇಕಾದರೆ 2ರಿಂದ ಭಾಗಿಸಿ, ಅಷ್ಟು ಸಾಕು. ಮೋಲಾರ್ ತೂಕದ ತಂಟೆಗೆ ಹೋಗಬೇಡಿ.

ಅಯಾನೈಸ್ಡ್ ಕ್ಯಾಲ್ಸಿಯಂ. ರಕ್ತದ ಕ್ಯಾಲ್ಸಿಯಂನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಯಾವುದಕ್ಕೂ ಅಂಟಿಕೊಳ್ಳದೆ ಬಿಡಿಯಾಗಿ ಇರುತ್ತದೆ. ಉಳಿದದ್ದರಲ್ಲಿ ಬಹುಪಾಲು ಆಲ್ಬುಮಿನ್ ಎಂಬ ಪ್ರೋಟೀನ್‌ಗೆ ಅಂಟಿರುತ್ತದೆ. ಬಿಡಿ ಭಾಗವನ್ನು ಮಾತ್ರ ಅಳೆದರೆ ಉತ್ತರ ಸುಮಾರು 1.2 ಮಿಲಿಮೋಲ್ ಬರುತ್ತದೆ. ಇದನ್ನು ಒಟ್ಟು ಕ್ಯಾಲ್ಸಿಯಂನ 2.1ರಿಂದ 2.6ರ ಪಕ್ಕ ಇಟ್ಟರೆ ಅರ್ಧಕ್ಕೆ ಇಳಿದ ಹಾಗೆ ಕಾಣುತ್ತದೆ. ಯೂನಿಟ್ ಬದಲಿಸುವ ಲೆಕ್ಕ ಎರಡಕ್ಕೂ ಒಂದೇ, ಆದರೆ ಮಿತಿ ಬೇರೆ. ಪರೀಕ್ಷೆಯ ಹೆಸರಿನಲ್ಲಿ `Ionized` ಅಥವಾ `iCa` ಇದೆಯೇ ನೋಡಿ. ಒಂದನ್ನು ಎರಡರಿಂದ ಗುಣಿಸಿ ಇನ್ನೊಂದನ್ನು ತೆಗೆಯಲು ಹೋಗಬೇಡಿ, ಆ ಅರ್ಧ ಎನ್ನುವುದು ಎಲ್ಲರಲ್ಲೂ ಎಲ್ಲಾ ಕಾಲಕ್ಕೂ ಒಂದೇ ಇರುವುದಿಲ್ಲ.

ಆಲ್ಬುಮಿನ್ ಸರಿಪಡಿಸಿದ ಕ್ಯಾಲ್ಸಿಯಂ. ಅಪಾಯ ಜಾಸ್ತಿ ಇರುವುದು ಇಲ್ಲಿ. ಆಲ್ಬುಮಿನ್ ಕಡಿಮೆ ಇದ್ದಾಗ ಒಟ್ಟು ಕ್ಯಾಲ್ಸಿಯಂ ಕೂಡ ಕಡಿಮೆ ಕಾಣುತ್ತದೆ, ಅದನ್ನು ಸರಿದೂಗಿಸಲು ಒಂದು ಸೂತ್ರ ಇದೆ. ಸೂತ್ರಕ್ಕೆ ಎರಡು ರೂಪ, ಯೂನಿಟ್‌ಗೆ ಒಂದೊಂದು:

```
mg/dL,  albumin g/dL:  Ca + 0.8  × (4.0 − albumin)
mmol/L, albumin g/L:   Ca + 0.02 × (40 − albumin)
```

ಕ್ಯಾಲ್ಸಿಯಂ 8.4 ಮಿಲಿಗ್ರಾಂ, ಆಲ್ಬುಮಿನ್ ಡೆಸಿಲೀಟರ್‌ಗೆ 3.0 ಗ್ರಾಂ ಇರಲಿ. ಮೊದಲ ಸೂತ್ರದಲ್ಲಿ 8.4ಕ್ಕೆ 0.8 ಸೇರಿ 9.2. ಅದನ್ನು ಬದಲಿಸಿದರೆ 2.30 ಮಿಲಿಮೋಲ್. ಎರಡನೇ ದಾರಿಯಲ್ಲಿ ಮೊದಲೇ ಬದಲಿಸಿ: ಕ್ಯಾಲ್ಸಿಯಂ 2.10, ಆಲ್ಬುಮಿನ್ ಲೀಟರ್‌ಗೆ 30 ಗ್ರಾಂ. 2.10ಕ್ಕೆ 0.20 ಸೇರಿ 2.30. ಎರಡೂ ಒಂದೇ ಕಡೆ ಬಂದು ನಿಂತವು.

ಈಗ ಬೆರಕೆ ಮಾಡಿ ನೋಡಿ. ಕ್ಯಾಲ್ಸಿಯಂ ಅನ್ನು 2.10ಕ್ಕೆ ಬದಲಿಸಿ, ಸೂತ್ರ ಮಾತ್ರ ಮೊದಲಿನದೇ ಇಟ್ಟರೆ 2.90 ಬರುತ್ತದೆ. ಎರಡನೇ ಸೂತ್ರಕ್ಕೆ ಆಲ್ಬುಮಿನ್ ಅನ್ನು 30ರ ಬದಲು 3.0 ಎಂದು ಹಾಕಿದರೆ 2.84. ಎರಡೂ ನೋಡಲು ನಂಬುವಂಥ ಸಂಖ್ಯೆಗಳೇ, ಐದನೇ ಹಂತದ ಗಾತ್ರದ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಆದರೆ ಆರಾಮಾಗಿರುವ ಮನುಷ್ಯನಿಗೆ ಕ್ಯಾಲ್ಸಿಯಂ ಬಹಳ ಏರಿದೆ ಎಂದು ಹೇಳುತ್ತವೆ. ಹಾಗಾಗಿ ಕ್ರಮ ಇದು: ಮೊದಲು ವರದಿಯ ಯೂನಿಟ್‌ನಲ್ಲೇ ಸರಿಪಡಿಸಿ ಮುಗಿಸಿ, ಆಮೇಲೆ ಯೂನಿಟ್ ಬದಲಿಸಿ. ವರದಿಯಲ್ಲಿ ಆಗಲೇ `Corrected` ಎಂದು ಬರೆದಿದ್ದರೆ ಮತ್ತೊಮ್ಮೆ ಸರಿಪಡಿಸಬೇಡಿ. ಸೂತ್ರವೇ ಒಂದು ಅಂದಾಜು ಅನ್ನುವುದೂ ಗೊತ್ತಿರಲಿ. ಅನುಮಾನ ಬಂದರೆ ಡಾಕ್ಟರ್‌ಗಳು ಅಯಾನೈಸ್ಡ್ ಕ್ಯಾಲ್ಸಿಯಂ ಅನ್ನೇ ನೇರ ಅಳೆಯಲು ಹೇಳುತ್ತಾರೆ.

## ಹಲವು ವರದಿಗಳನ್ನು ಸ್ಪ್ರೆಡ್‌ಶೀಟ್‌ಗೆ ಹಾಕುವಾಗ

ವರ್ಷಗಳ ವರದಿ ಒಟ್ಟಿಗೆ ಇದ್ದರೆ ಕಾಲಂಗಳನ್ನು ಹೀಗೆ ಮಾಡಿ: ಎ ಕಾಲಂನಲ್ಲಿ ದಿನಾಂಕ, ಬಿ ಯಲ್ಲಿ ಲ್ಯಾಬ್ ಕೊಟ್ಟ ಸಂಖ್ಯೆ, ಸಿ ಯಲ್ಲಿ ಯೂನಿಟ್, ಡಿ ಯಲ್ಲಿ ಬದಲಿಸಿದ್ದು. ಬಿ ಯನ್ನು ಯಾವತ್ತೂ ಅಳಿಸಬೇಡಿ, ತಿದ್ದಬೇಡಿ. ಕ್ಯಾಲ್ಸಿಯಂಗೆ ಡಿ ಕಾಲಂನ ಸೂತ್ರ:

```
=IF(C2="mg/dL",ROUND(B2*10/40.08,2),IF(C2="mmol/L",B2,"?"))
```

ಯೂರಿಕ್ ಆಸಿಡ್‌ಗೆ, ಮೈಕ್ರೋಮೋಲ್‌ನಲ್ಲಿ:

```
=IF(C2="mg/dL",ROUND(B2*10000/168.11,0),IF(C2="mmol/L",B2*1000,IF(C2="umol/L",B2,"?")))
```

ಪ್ರಶ್ನಾರ್ಥಕ ಚಿಹ್ನೆ ಬಂದ ಕಡೆ ಯೂನಿಟ್ ಬರೆದಿಲ್ಲ, ಇಲ್ಲವೇ ಬೇರೆ ಥರ ಬರೆದಿದೆ ಎಂದು ಅರ್ಥ. `#VALUE!` ಬಂದರೆ ಬಿ ಕಾಲಂನಲ್ಲಿ ಸಂಖ್ಯೆಯ ಜೊತೆ ಅಕ್ಷರವೂ ಸೇರಿಕೊಂಡಿದೆ, `9.8 mg/dL` ಎಂದು ಪೂರ್ತಿ ಪೇಸ್ಟ್ ಮಾಡಿದಾಗ ಆಗುವ ಹಾಗೆ.

ಕ್ಯಾಲ್ಸಿಯಂನ ಡಿ ಕಾಲಂನಲ್ಲಿ ಎಲ್ಲಾದರೂ 0.6ರ ಆಸುಪಾಸಿನ ಸಂಖ್ಯೆ ಕಂಡರೆ ಆ ಸಾಲಿನ ಯೂನಿಟ್ ಮತ್ತೆ ನೋಡಿ. ಆಗಲೇ ಮಿಲಿಮೋಲ್‌ನಲ್ಲಿದ್ದ 2.41 ಅನ್ನು ಇನ್ನೊಮ್ಮೆ ಬದಲಿಸಿದರೆ ಸರಿಯಾಗಿ 0.60 ಬರುತ್ತದೆ.